ಅಗ್ಗ ಅನಿಸಿದ ನಗರಕ್ಕೆ ಬಿಡ್ ಏರಿಸಿದೆ, ಖರ್ಚು ಮಾತ್ರ ಏರಿತು: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ನಗರವಾರು ರಿಪೋರ್ಟ್ ತೆಗೆದಿರಿ. ಒಂದು ಮಾರಾಟಕ್ಕೆ ಎಲ್ಲಿ ಕಡಿಮೆ ಖರ್ಚಾಗುತ್ತಿದೆ ಅಂತ ನೋಡಿದಿರಿ. ಆ ಊರುಗಳಿಗೆ ಬಿಡ್ ಏರಿಸಿದಿರಿ, ದುಬಾರಿ ಊರುಗಳಿಗೆ ಇಳಿಸಿದಿರಿ. ತಿಂಗಳು ಕಳೆದ ಮೇಲೆ ನೋಡಿದರೆ ಮಾರಾಟ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಖರ್ಚು ಮಾತ್ರ ಜಾಸ್ತಿಯಾಗಿದೆ. ಹೀಗಾದಾಗ ಎಲ್ಲಿಂದ ಹುಡುಕಬೇಕು ಅನ್ನುವುದಕ್ಕೆ ಈ ಬರಹ. ನಾನು ನೋಡಿಕೊಳ್ಳುತ್ತಿದ್ದ ಒಂದು ಖಾತೆಯಲ್ಲಿ ಇದೇ ಆಯಿತು, ಹುಡುಕಿ ತೆಗೆಯಲು ಹಲವು ವಾರ ಬೇಕಾಯಿತು. ಇಲ್ಲಿರುವುದು ಗೂಗಲ್ ಆ್ಯಡ್ಸ್‌ನ ಸರ್ಚ್ ಕ್ಯಾಂಪೇನ್ ಲೆಕ್ಕ. ಬೇರೆ ಕಡೆ ಬಟನ್‌ಗಳ ಹೆಸರು ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ.

ನಗರಗಳ ಹೆಸರು ಬೇಡ, ಕ, ಖ, ಗ ಅಂತ ಕರೆಯುತ್ತೇನೆ. ತೋರಿಸಲು ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಹಣದ ಜಾಗದಲ್ಲಿ ನಿಮ್ಮ ಖಾತೆಯ ನಾಣ್ಯ ಯಾವುದೋ ಅದನ್ನು ಹಾಕಿ ಓದಿಕೊಳ್ಳಿ.

ಆಗ ಕಂಡದ್ದು

90 ದಿನಗಳ ರಿಪೋರ್ಟ್. ಒಟ್ಟು 14,000 ಕ್ಲಿಕ್, 2,70,000 ಖರ್ಚು, 350 ಮಾರಾಟ. ಅಂದರೆ ಒಂದು ಮಾರಾಟಕ್ಕೆ ಸುಮಾರು 771, ಮತ್ತು 100 ಕ್ಲಿಕ್‌ಗೆ ಎರಡೂವರೆ ಮಾರಾಟ. ಸರಕಿನ ಬೆಲೆ, ಸಾಗಣೆ, ವಾಪಸು ಬರುವ ಮಾಲು ಎಲ್ಲ ಕಳೆದ ಮೇಲೆ ಒಂದು ಮಾರಾಟಕ್ಕೆ ಜಾಹೀರಾತಿನ ಮೇಲೆ 900ರವರೆಗೆ ಹಾಕಬಹುದು ಅಂತ ಮಾಲೀಕರು ಲೆಕ್ಕ ಕೊಟ್ಟಿದ್ದರು. ಈ 900 ಅನ್ನು ನೆನಪಿಟ್ಟುಕೊಳ್ಳಿ, ಕೊನೆಯವರೆಗೂ ಬೇಕಾಗುತ್ತದೆ. ಇಂಥ ಒಂದು ಮಿತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಮುಂದಿನ ಯಾವ ಲೆಕ್ಕವೂ ನಡೆಯುವುದಿಲ್ಲ, ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.

| ನಗರ | ಕ್ಲಿಕ್ | ಖರ್ಚು | ಮಾರಾಟ | ಒಂದು ಮಾರಾಟಕ್ಕೆ |
|---|---|---|---|---|
| ಕ | 5,000 | 1,04,480 | 118 | 885 |
| ಖ | 3,200 | 60,800 | 106 | 574 |
| ಚ | 900 | 16,200 | 23 | 704 |
| ಗ | 160 | 2,720 | 8 | 340 |
| ಘ | 240 | 4,800 | 2 | 2,400 |
| ಉಳಿದ ಊರುಗಳು | 4,500 | 81,000 | 93 | 871 |

ಇದನ್ನು ನೋಡಿದ ಯಾರಿಗಾದರೂ ಮೊದಲು ಹೊಳೆಯುವುದೇ ನನಗೂ ಹೊಳೆಯಿತು. ಗ ನಗರಕ್ಕೆ 50% ಏರಿಸಿದೆ, ಖ ನಗರಕ್ಕೆ 40% ಏರಿಸಿದೆ, ಘ ನಗರಕ್ಕೆ 60% ಇಳಿಸಿದೆ. ಕ ಮಿತಿಯೊಳಗೇ ಇದೆ ಅಂತ ಮುಟ್ಟಲಿಲ್ಲ. ಚ ಸರಾಸರಿಗೆ ಹತ್ತಿರ ಇದೆ ಅಂತ ಅದನ್ನೂ ಬಿಟ್ಟೆ. ಈಗ ಹಿಂದಿರುಗಿ ನೋಡಿದರೆ ಈ ಐದೂ ತೀರ್ಮಾನ ತಪ್ಪು, ಒಂದೊಂದರಲ್ಲೂ ತಪ್ಪಿನ ಬಗೆ ಬೇರೆ.

ಮೊದಲು: ನೀವು ಏರಿಸಿದ ಬಿಡ್ ನಿಜಕ್ಕೂ ಏರಿದೆಯಾ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಎರಡು ನಿಮಿಷದ ಕೆಲಸ. ಕ್ಯಾಂಪೇನ್‌ನ ಬಿಡ್ಡಿಂಗ್ ವಿಧಾನ `Target CPA`, `Target ROAS`, `Maximize conversions` ಅಥವಾ `Maximize conversion value` ಆಗಿದ್ದರೆ, ನಗರದ ಮುಂದೆ ನೀವು ಹಾಕಿದ ಏರಿಕೆ ಇಳಿಕೆ ಯಾವುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಕ್ರೀನ್ ಮೇಲೆ +40% ಅಂತ ಕಾಣುತ್ತಲೇ ಇರುತ್ತದೆ, ಹರಾಜಿನಲ್ಲಿ ಅದಕ್ಕೆ ಬೆಲೆ ಇಲ್ಲ. ಹಾಗಿದ್ದಾಗ ತಿಂಗಳ ಬದಲಾವಣೆ ನಿಮ್ಮ ಕೈಯಿಂದ ಆದದ್ದಲ್ಲ, ಕಾರಣ ಬೇರೆಲ್ಲೋ ಇದೆ. ಅಂಥ ಕ್ಯಾಂಪೇನ್‌ನಲ್ಲಿ ಒಂದು ನಗರಕ್ಕೆ ಜಾಸ್ತಿ ಕೊಡಬೇಕು ಅಂದರೆ ಆ ನಗರವನ್ನು ಬೇರೆ ಕ್ಯಾಂಪೇನ್ ಮಾಡಿ, ಅದಕ್ಕೆ ಬೇರೆ ಗುರಿ ಕೊಡಬೇಕು.

ಕೈಯಿಂದ ಬಿಡ್ ಹಾಕುವ ವಿಧಾನದಲ್ಲಿ −90% ಇಂದ +900% ವರೆಗೆ ಹಾಕಬಹುದು, ಅದು ಕೆಲಸ ಮಾಡುತ್ತದೆ. ಆದರೆ ಇಲ್ಲೂ ಎರಡು ಎಚ್ಚರ. ನಗರದ ಏರಿಕೆ, ಮೊಬೈಲ್‌ನ ಏರಿಕೆ, ಸಮಯದ ಏರಿಕೆ ಇವು ಒಂದನ್ನೊಂದು ಗುಣಿಸಿಕೊಳ್ಳುತ್ತವೆ. ನಗರಕ್ಕೆ +40%, ಮೊಬೈಲ್‌ಗೆ +30% ಇದ್ದರೆ 1.4 × 1.3, ಅಂದರೆ 82% ಏರಿಕೆ. ಇನ್ನೊಂದು, ರಾಜ್ಯಕ್ಕೂ ಅದರೊಳಗಿನ ನಗರಕ್ಕೂ ಬೇರೆ ಬೇರೆ ಹಾಕಿದ್ದರೆ ಆ ಎರಡು ಗುಣಿಸಿಕೊಳ್ಳುವುದಿಲ್ಲ, ಚಿಕ್ಕ ಪ್ರದೇಶದ್ದು ಮಾತ್ರ ನಡೆಯುತ್ತದೆ.

ನನ್ನ ಖಾತೆಯಲ್ಲಿ ಕೈ ಬಿಡ್ ಇತ್ತು, ಏರಿಕೆ ಸರಿಯಾಗಿಯೇ ನಡೆದಿತ್ತು. ಹಾಗಾಗಿ ಮುಂದೆ ಹೋದೆ.

ಆ ಊರಿನ ಅಂಕಿ ಆ ಊರಿನವರದ್ದೇನಾ, ಪೂರ್ತಿ ಬಂದಿದೆಯಾ?

ಜಾಗದ ಸೆಟ್ಟಿಂಗ್ ತಾನಾಗಿಯೇ `Presence or interest` ಮೇಲೆ ಇರುತ್ತದೆ. ಅಂದರೆ ಖ ನಗರದಲ್ಲಿ ಇರುವವರಿಗೂ ಜಾಹೀರಾತು ಹೋಗುತ್ತದೆ, ಎಲ್ಲೋ ದೂರ ಕೂತು ಖ ನಗರದ ಬಗ್ಗೆ ಹುಡುಕುವವರಿಗೂ ಹೋಗುತ್ತದೆ. ಮನೆ ಬದಲಾಯಿಸುವವರು, ಪ್ರವಾಸ ಹೊರಟವರು, ಸುಮ್ನೆ ನೋಡುವವರು ಎಲ್ಲ ಒಂದೇ ಸಾಲಿನಲ್ಲಿ ಸೇರಿಕೊಳ್ಳುತ್ತಾರೆ. ಇಬ್ಬರ ಕೊಳ್ಳುವ ರೀತಿ ಒಂದೇ ಇರುವುದಿಲ್ಲ, ಅಲ್ವಾ? ನಗರ ನೋಡಿ ಬಿಡ್ ನಿರ್ಧರಿಸುವವರು ಮೊದಲು ಬೇರ್ಪಡಿಸಿ ನೋಡಲೇಬೇಕು. ಎಪಿಐ ಬಳಸುವವರಾದರೆ ಜನ ನಿಜಕ್ಕೂ ಎಲ್ಲಿದ್ದರು ಅನ್ನುವುದನ್ನು ಹೀಗೆ ತೆಗೆಯಬಹುದು:

```
SELECT segments.geo_target_city,
  metrics.clicks, metrics.cost_micros, metrics.conversions
FROM user_location_view
WHERE segments.date BETWEEN '2025-01-01' AND '2025-03-31'
```

ಖರ್ಚು ಹತ್ತು ಲಕ್ಷ ಪಟ್ಟು ದೊಡ್ಡದಾಗಿ ಬರುತ್ತದೆ, 10,00,000ದಿಂದ ಭಾಗಿಸಿಕೊಳ್ಳಿ. ನಗರದ ಜಾಗದಲ್ಲಿ ಹೆಸರಿನ ಬದಲು ಸಂಖ್ಯೆ ಬರುತ್ತದೆ, ಅದರ ಹೆಸರನ್ನು ಬೇರೆ ಪಟ್ಟಿಯಿಂದ ಹೊಂದಿಸಿಕೊಳ್ಳಬೇಕು.

ಇನ್ನೊಂದು ತೊಂದರೆ ದಿನಾಂಕದ್ದು. `Conversions` ಕಾಲಂನಲ್ಲಿ ಮಾರಾಟ ಬರೆಯುವುದು ಕೊಂಡ ದಿನಕ್ಕಲ್ಲ, ಕ್ಲಿಕ್ ಮಾಡಿದ ದಿನಕ್ಕೆ. ನಿನ್ನೆ ಕ್ಲಿಕ್ ಮಾಡಿ ಹತ್ತು ದಿನ ಬಿಟ್ಟು ಕೊಳ್ಳುವವರು ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಆದರೆ ಅವರ ಕ್ಲಿಕ್‌ನ ಖರ್ಚು ಆಗಲೇ ಬಂದು ಕೂತಿದೆ. ಹಾಗಾಗಿ ಇತ್ತೀಚಿನ ದಿನಗಳು ಯಾವಾಗಲೂ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ. ಬಿಡ್ ಏರಿಸಿ ಎರಡು ವಾರಕ್ಕೇ ಬಂದು ನೋಡಿದರೆ ಏರಿಸಿದ ದಿನಗಳೇ ಆ ಅರ್ಧ ಬೆಂದ ದಿನಗಳು, ಏರಿಸಿದ್ದೇ ತಪ್ಪು ಅನಿಸಿಬಿಡುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಕ್ಲಿಕ್ ಆಗಿ ಎಷ್ಟು ದಿನಕ್ಕೆ ಕೊಳ್ಳುತ್ತಾರೆ ನೋಡಿ, ಕೊನೆಯ ಅಷ್ಟು ದಿನಗಳನ್ನು ಲೆಕ್ಕದಿಂದ ಬಿಟ್ಟುಬಿಡಿ. ಈ ಖಾತೆಯಲ್ಲಿ ಹೆಚ್ಚು ಕಡಿಮೆ ಎಲ್ಲರೂ 12 ದಿನದೊಳಗೆ ಕೊಂಡು ಮುಗಿಸುತ್ತಿದ್ದರು. ಹಾಗಾಗಿ 30 ದಿನದ ಫಲ ನೋಡಲು 42ನೇ ದಿನದವರೆಗೆ ಕಾದೆ.

ಈ ಎರಡನ್ನು ಸರಿಪಡಿಸಿದ ಮೇಲೂ ಮೇಲಿನ ಪಟ್ಟಿ ಹೆಚ್ಚೇನೂ ಅಲುಗಾಡಲಿಲ್ಲ. ತಪ್ಪು ಇನ್ನೂ ಒಳಗಿತ್ತು.

ಗ ಮತ್ತು ಘ: ಸಣ್ಣ ಸಂಖ್ಯೆಯ ಮೋಸ

ಗ ನಗರದ 340 ನೋಡಿ ಖುಷಿಯಾಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಊರು ಎಲ್ಲ ಊರಿನಂತೆಯೇ ಇದ್ದಿದ್ದರೆ ಎಷ್ಟು ಮಾರಾಟ ಬರಬೇಕಿತ್ತು? ಖಾತೆಯ ಸರಾಸರಿ 100ಕ್ಕೆ ಎರಡೂವರೆ. 160 ಕ್ಲಿಕ್‌ಗೆ 4 ಬರಬೇಕಿತ್ತು, ಬಂದದ್ದು 8. ಎರಡು ಪಟ್ಟು! ಆದರೆ 4 ನಿರೀಕ್ಷೆ ಇರುವಲ್ಲಿ ಬರೀ ಅದೃಷ್ಟದಿಂದ 8 ಅಥವಾ ಜಾಸ್ತಿ ಬರುವ ಸಾಧ್ಯತೆ 100ಕ್ಕೆ ಸುಮಾರು 5. ಕಡಿಮೆ ಅನಿಸಬಹುದು. ಆದರೆ ಪಟ್ಟಿಯಲ್ಲಿ ಇಂಥ ಸಣ್ಣ ಊರುಗಳು ಸುಮಾರು 60 ಇದ್ದವು. 60 ಊರುಗಳಲ್ಲಿ ಏನೂ ವಿಶೇಷ ಇಲ್ಲದೆಯೇ ಎರಡು ಮೂರು ಊರು ಹೀಗೆ ಹೊಳೆಯುತ್ತವೆ. ರಿಪೋರ್ಟನ್ನು ಒಂದು ಮಾರಾಟದ ಖರ್ಚಿನ ಪ್ರಕಾರ ಜೋಡಿಸಿದ ಕೂಡಲೇ ಮೇಲೆ ಬಂದು ನಿಲ್ಲುವುದು ಇವೇ. ನಾವು ಆರಿಸುತ್ತಿರುವುದು ಒಳ್ಳೆಯ ಊರನ್ನಲ್ಲ, ಆ ಮೂರು ತಿಂಗಳು ಅದೃಷ್ಟ ಕೂಡಿಬಂದ ಊರನ್ನು.

ಘ ಇದರ ಇನ್ನೊಂದು ಮುಖ. 240 ಕ್ಲಿಕ್‌ಗೆ 6 ಬರಬೇಕಿತ್ತು, 2 ಬಂತು. 6 ನಿರೀಕ್ಷೆ ಇರುವಲ್ಲಿ 2 ಅಥವಾ ಕಡಿಮೆ ಬರುವ ಸಾಧ್ಯತೆ 100ಕ್ಕೆ ಸುಮಾರು 6. ಅಂದರೆ 2,400 ಅನ್ನುವ ಭಯದ ಅಂಕಿಯೂ ಬಹುಪಾಲು ಅದೃಷ್ಟದ್ದೇ ಇರಬಹುದು. 60% ಇಳಿಸಿ ಆ ಊರನ್ನೇ ಮುಚ್ಚಿಬಿಟ್ಟಿದ್ದೆ, ಅದಕ್ಕೆ ಕಾರಣವೇ ಇರಲಿಲ್ಲ.

ಖ ಹಾಗಲ್ಲ. 3,200 ಕ್ಲಿಕ್‌ಗೆ 80 ಬರಬೇಕಿತ್ತು, 106 ಬಂತು. ಅಂದಾಜಿಗೆ, ನಿರೀಕ್ಷೆಯ ವರ್ಗಮೂಲದಷ್ಟು ಆಚೀಚೆ ಆಗುವುದು ಸಹಜ. 80ರ ವರ್ಗಮೂಲ ಸುಮಾರು 9. ಇಲ್ಲಿ ವ್ಯತ್ಯಾಸ 26, ಅಂದರೆ ಅದರ ಮೂರು ಪಟ್ಟಿಗೆ ಹತ್ತಿರ. ಇದನ್ನು ನಂಬಬಹುದು. ಮಾರಾಟದ ಪ್ರಮಾಣ ನೋಡಬೇಕು ಅನ್ನುವುದು ಇದಕ್ಕೇ. ದೊಡ್ಡ ಊರು ಅಂತ ಗೌರವ ಕೊಡಲು ಅಲ್ಲ, ಅದರ ಅಂಕಿಯನ್ನು ಎಷ್ಟು ನಂಬಬೇಕು ಅಂತ ತಿಳಿಯಲು.

"30 ಮಾರಾಟಕ್ಕಿಂತ ಕಡಿಮೆ ಇದ್ದರೆ ಮುಟ್ಟಬೇಡಿ" ಅನ್ನುವ ತರಹದ ನಿಯಮ ಇಡುವವರಿದ್ದಾರೆ. ಕೆಟ್ಟದ್ದೇನಲ್ಲ, ಆದರೆ 29ಕ್ಕೆ ಏನೂ ಇಲ್ಲ, 31ಕ್ಕೆ ಪೂರ್ತಿ ನಂಬಿಕೆ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದರ ಬದಲು ನಾನು ಮಾಡುವುದು ಹೀಗೆ. ಪ್ರತಿ ಊರಿಗೂ ಸರಾಸರಿ ದರದ 1,000 ಕ್ಲಿಕ್ ಸೇರಿಸುತ್ತೇನೆ, ಅಂದರೆ 1,000 ಕ್ಲಿಕ್ ಮತ್ತು 25 ಮಾರಾಟ. ದೊಡ್ಡ ಊರಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಸಣ್ಣ ಊರು ಮಾತ್ರ ಸರಾಸರಿಯ ಕಡೆ ಎಳೆದುಕೊಂಡು ಬರುತ್ತದೆ. ಶೀಟ್‌ನಲ್ಲಿ ಕ್ಲಿಕ್ B, ಖರ್ಚು C, ಮಾರಾಟ D ಕಾಲಂನಲ್ಲಿದ್ದರೆ:

```
=(C2/B2) / ((D2+25)/(B2+1000))
```

ಈ ಲೆಕ್ಕ ಹಾಕಿದರೆ ಗ 340ರಿಂದ 598ಕ್ಕೆ ಬಂತು. ಘ 2,400ರಿಂದ 919ಕ್ಕೆ ಇಳಿಯಿತು. ಖ 574 ಇದ್ದದ್ದು 609, ಚ 704 ಇದ್ದದ್ದು 712, ಕ 885 ಇದ್ದದ್ದು 877. ಚಿತ್ರವೇ ಬದಲಾಯಿತು ನೋಡಿ. ಗ ಈಗ ಖ ಪಕ್ಕದಲ್ಲಿ ಕೂತಿದೆ, ಘ ಮಿತಿಯನ್ನು ಸ್ವಲ್ಪವೇ ದಾಟಿದೆ.

1,000 ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ನಿಮ್ಮ ದೊಡ್ಡ ನಗರಗಳ ನಡುವೆಯೇ ದರ ತುಂಬ ಬೇರೆ ಬೇರೆ ಇದ್ದರೆ, ಅಂದರೆ ಊರಿನಿಂದ ಊರಿಗೆ ನಿಜವಾಗಿಯೂ ವ್ಯತ್ಯಾಸ ಇದೆ ಅನ್ನುವುದು ಗೊತ್ತಿದ್ದರೆ, 300 ಅಥವಾ 500 ಇಡಿ. ದೊಡ್ಡವೆಲ್ಲ ಒಂದೇ ಥರ ಇದ್ದರೆ ಇನ್ನೂ ಜಾಸ್ತಿ ಇಡಿ. ಸರಿಯಾಗಿದೆಯಾ ಅಂತ ತಿಳಿಯುವ ಒಂದು ಉಪಾಯ ಇದೆ: ಹಿಂದಿನ ಮೂರು ತಿಂಗಳ ಅಂಕಿಯಿಂದ ಈ ಲೆಕ್ಕ ಹಾಕಿ, ಅದರ ನಂತರದ ಮೂರು ತಿಂಗಳಲ್ಲಿ ಆ ಊರುಗಳು ಏನು ಮಾಡಿದವು ನೋಡಿ. ಯಾವ ಸಂಖ್ಯೆ ಇಟ್ಟಾಗ ಮುಂದಿನದು ಚೆನ್ನಾಗಿ ಹೊಂದಿತೋ ಅದೇ ನಿಮ್ಮದು. ಮೊದಲ ಸಲ ಹೀಗೆ ಹೋಲಿಸಿದಾಗ, ಮೊದಲರ್ಧದಲ್ಲಿ ಅತಿ ಅಗ್ಗ ಅಂತ ಕಂಡ ಊರುಗಳಲ್ಲಿ ಹೆಚ್ಚಿನವು ಎರಡನೇ ಅರ್ಧದಲ್ಲಿ ಸರಾಸರಿಗೆ ಬಂದು ನಿಂತಿದ್ದವು. ಅದನ್ನು ಕಣ್ಣಾರೆ ನೋಡಿದ ಮೇಲೆ ಸಣ್ಣ ಊರಿನ ಅಂಕಿ ನೋಡಿ ಬಿಡ್ ಮುಟ್ಟುವ ಅಭ್ಯಾಸ ಬಿಟ್ಟೆ.

ಸಣ್ಣ ಊರುಗಳನ್ನು ಹಾಗೇ ಬಿಟ್ಟುಬಿಡಬೇಕಾ? ಇಲ್ಲ, ಗುಂಪು ಮಾಡಿ ನೋಡಿ. ಒಂದೊಂದರ ಬಗ್ಗೆ ಏನೂ ಹೇಳಲಾಗದಿದ್ದರೂ ಎಲ್ಲ ಸೇರಿಸಿದ 4,500 ಕ್ಲಿಕ್, 93 ಮಾರಾಟದ ಬಗ್ಗೆ ಹೇಳಬಹುದು. 871, ಮಿತಿಯ ಒಳಗೇ ಇದೆ, ಏರಿಸಲು ಜಾಗ ಇಲ್ಲ. ಸಾಗಣೆಗೆ ಎಷ್ಟು ದಿನ ಹಿಡಿಯುತ್ತದೆ, ಪೈಪೋಟಿ ಎಷ್ಟಿದೆ ಅನ್ನುವ ಏನಾದರೂ ಕಾರಣ ನೋಡಿ ಗುಂಪು ಮಾಡಿ. ಒಂದು ಮಾರಾಟದ ಖರ್ಚು ನೋಡಿ ಗುಂಪು ಮಾಡಿದರೆ ಅದೃಷ್ಟದ ಊರುಗಳೆಲ್ಲ ಒಂದೇ ಗುಂಪಿಗೆ ಸೇರಿ ಅದೇ ತಪ್ಪು ದೊಡ್ಡದಾಗುತ್ತದೆ.

ಖ ನಿಜವಾಗಿಯೂ ಅಗ್ಗ, ಆದರೂ ಏರಿಸಿದ್ದು ನಷ್ಟ: ಇಲ್ಲಿ ಹೇಗೆ?

ಇದೇ ನನಗೆ ಅತಿ ಹೆಚ್ಚು ಸಮಯ ತಿಂದದ್ದು. ಖ ಅಂಕಿ ನಂಬಬಹುದಾದದ್ದು. 609, ಮಿತಿ 900. ನಡುವೆ ಬೇಕಾದಷ್ಟು ಜಾಗ ಇದೆ ಅನಿಸುತ್ತದೆ. ಏರಿಸಿದ ಮೇಲೂ ಖ ನಗರದ ಸರಾಸರಿ 900ರೊಳಗೇ ಇತ್ತು, ಹಾಗಾಗಿ ಎಲ್ಲರಿಗೂ ಅದು ಸರಿಯಾಗಿಯೇ ನಡೆಯುತ್ತಿದೆ ಅನಿಸಿತ್ತು.

30 ದಿನಕ್ಕೆ ಇಳಿಸಿ ಲೆಕ್ಕ ನೋಡೋಣ. ಏರಿಸುವ ಮೊದಲು 1,070 ಕ್ಲಿಕ್, 20,300 ಖರ್ಚು. 40% ಏರಿಸಿದ ಮೇಲೆ 1,250 ಕ್ಲಿಕ್, 29,000 ಖರ್ಚು. ಮಾರಾಟದ ದರ 100ಕ್ಕೆ 3.12, ಸರಿಪಡಿಸಿದ ಲೆಕ್ಕದ ಪ್ರಕಾರ. ಅಂದರೆ ಏರಿಸಿದ ಮೇಲೆ ಸುಮಾರು 39 ಮಾರಾಟ, ಒಂದಕ್ಕೆ 744. ಮಿತಿಯೊಳಗೇ ಇದೆ ಅಲ್ವಾ?

ಈಗ ಬರೀ ಹೆಚ್ಚುವರಿಯನ್ನು ನೋಡಿ. ಜಾಸ್ತಿ ಬಂದ ಕ್ಲಿಕ್ 180. ಅದರಿಂದ ಮಾರಾಟ 5.6. ಜಾಸ್ತಿ ಹೋದ ಹಣ 8,700. ಭಾಗಿಸಿದರೆ ಹೆಚ್ಚುವರಿ ಒಂದೊಂದು ಮಾರಾಟಕ್ಕೆ ಸುಮಾರು 1,550 ಕೊಟ್ಟಿದ್ದೇವೆ! 900 ಮಾತ್ರ ಕೊಡಬಹುದಾದದ್ದಕ್ಕೆ 1,550. ಹಳೆಯ ಅಗ್ಗದ ಮಾರಾಟಗಳ ಹಿಂದೆ ಇದು ಅಡಗಿ ಕೂತಿತ್ತು. ಸರಾಸರಿ ನೋಡಿದರೆ ಇದು ಎಂದೂ ಕಾಣುವುದಿಲ್ಲ.

```
ಹೆಚ್ಚುವರಿ ಮಾರಾಟದ ಖರ್ಚು =
  (ಹೊಸ ಖರ್ಚು − ಹಳೆ ಖರ್ಚು) / ((ಹೊಸ ಕ್ಲಿಕ್ − ಹಳೆ ಕ್ಲಿಕ್) × ಮಾರಾಟದ ದರ)
```

ಹೀಗೇಕಾಗುತ್ತದೆ ಅಂದರೆ, ಬಿಡ್ ಏರಿಸಿದಾಗ ಹೊಸ ಕ್ಲಿಕ್‌ಗೆ ಮಾತ್ರ ಜಾಸ್ತಿ ಕೊಡುವುದಲ್ಲ. ಮೊದಲು 19ಕ್ಕೆ ಬರುತ್ತಿದ್ದ ಹಳೆಯ 1,070 ಕ್ಲಿಕ್‌ಗಳೂ ಈಗ 23ಕ್ಕೆ ಬರುತ್ತವೆ. ಹೇಗೂ ಬರುತ್ತಿದ್ದವರಿಗೇ ಜಾಸ್ತಿ ಕೊಡುತ್ತಿದ್ದೇವೆ. ಈ ಭಾರವೆಲ್ಲ ಆ 180 ಹೊಸ ಕ್ಲಿಕ್‌ಗಳ ತಲೆ ಮೇಲೆ ಬೀಳುತ್ತದೆ.

ಇಲ್ಲಿ ಮಾರಾಟದ ವ್ಯತ್ಯಾಸವನ್ನು ನೇರವಾಗಿ ಎಣಿಸದೆ ಕ್ಲಿಕ್ ವ್ಯತ್ಯಾಸವನ್ನು ದರದಿಂದ ಗುಣಿಸಿದ್ದು ಬೇಕಂತಲೇ. ತಿಂಗಳಿಗೆ 35ರ ಸುತ್ತ ಮಾರಾಟ ಇರುವ ಊರಿನಲ್ಲಿ ಐದಾರು ಆಚೀಚೆ ಆಗುವುದು ಸಹಜ, ಬಿಡ್ ಮುಟ್ಟದಿದ್ದರೂ ಆಗುತ್ತದೆ. ಕ್ಲಿಕ್ ಸಂಖ್ಯೆ ದೊಡ್ಡದು, ಅದರ ಅಲುಗಾಟ ಅಷ್ಟಿಲ್ಲ. ಹೊಸದಾಗಿ ಬರುವವರು ಹಳಬರಷ್ಟೇ ಕೊಳ್ಳುತ್ತಾರೆ ಅನ್ನುವುದು ಇದರ ಒಳಗಿರುವ ಊಹೆ. ಕೊಂಚ ಕಡಿಮೆ ಕೊಂಡರೆ ಲೆಕ್ಕ ಇನ್ನೂ ಕೆಡುತ್ತದೆ.

ಖ ನಗರಕ್ಕೆ ಜಾಗ ಇಲ್ಲ ಅಂತ ಮೊದಲೇ ತಿಳಿಯಬಹುದಿತ್ತಾ? ತಿಳಿಯಬಹುದಿತ್ತು. ದೊಡ್ಡ ನಗರಗಳನ್ನು ಬೇರೆ ಬೇರೆ ಕ್ಯಾಂಪೇನ್ ಮಾಡಿದ ಮೇಲೆ `Search impr. share` ಕಾಲಂ ನೋಡಿದೆ. ಖ ನಗರದಲ್ಲಿ ಅದು 88% ಇತ್ತು. ನಮ್ಮ ಕೀವರ್ಡ್‌ಗಳಿಗೆ ಸಿಗಬಹುದಾದ ನೂರು ಸಂದರ್ಭಗಳಲ್ಲಿ 88ರಲ್ಲಿ ನಾವು ಆಗಲೇ ಕಾಣುತ್ತಿದ್ದೆವು. ಉಳಿದ 12ಕ್ಕಾಗಿ ಎಲ್ಲ ನೂರಕ್ಕೂ ಜಾಸ್ತಿ ಕೊಟ್ಟಂತಾಯಿತು. ಒಂದು ಊರು ಅಗ್ಗ ಇರುವುದು ಎಷ್ಟೋ ಸಲ ಅಲ್ಲಿ ಪೈಪೋಟಿ ಇಲ್ಲ ಅನ್ನುವುದಕ್ಕೆ. ಪೈಪೋಟಿ ಇಲ್ಲದ ಕಡೆ ನಾವು ಆಗಲೇ ಮೇಲಿರುತ್ತೇವೆ, ಏರಿಸಿ ಗೆಲ್ಲಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಹಾಗಾಗಿ ಖ ನಗರದ ಏರಿಕೆಯನ್ನು 40ರಿಂದ 15%ಗೆ ಇಳಿಸಿದೆ. 1,190 ಕ್ಲಿಕ್, 23,600 ಖರ್ಚು. ಮೂಲಕ್ಕಿಂತ 120 ಕ್ಲಿಕ್ ಜಾಸ್ತಿ, 3.7 ಮಾರಾಟ, 3,300 ಹಣ. ಒಂದಕ್ಕೆ ಸುಮಾರು 880. ಮಿತಿಗೆ ತಾಗಿಕೊಂಡಿದೆ, ಅಲ್ಲೇ ನಿಲ್ಲಿಸಿದೆ.

ಬಿಟ್ಟುಬಿಟ್ಟಿದ್ದ ಎರಡು ನಗರ

ಚ ನಗರದ 712 ನೋಡಿ ಯಾರಿಗೂ ಆಸಕ್ತಿ ಹುಟ್ಟುವುದಿಲ್ಲ. ಆದರೆ ಅದರ ಪಾಲು ಬರೀ 40%, ಮತ್ತು `Search lost IS (rank)` 50%. ಅಂದರೆ ಅರ್ಧಕ್ಕರ್ಧ ಸಂದರ್ಭ ನಮ್ಮ ಬಿಡ್ ಮತ್ತು ಜಾಹೀರಾತಿನ ಗುಣಮಟ್ಟ ಸಾಲದೆ ಕೈತಪ್ಪುತ್ತಿತ್ತು. 20% ಏರಿಸಿದೆ. ತಿಂಗಳಿಗೆ 300 ಇದ್ದ ಕ್ಲಿಕ್ 450 ಆಯಿತು, ಖರ್ಚು 5,400ರಿಂದ 8,400 ಆಯಿತು. 150 ಕ್ಲಿಕ್‌ಗೆ 100ಕ್ಕೆ 2.53ರ ಲೆಕ್ಕದಲ್ಲಿ 3.8 ಮಾರಾಟ, ಹೆಚ್ಚುವರಿ ಒಂದಕ್ಕೆ ಸುಮಾರು 790. ಖ ನಗರದ 880ಕ್ಕಿಂತ ಅಗ್ಗ! ಸರಾಸರಿಯಲ್ಲಿ ದುಬಾರಿ ಊರು, ಹೆಚ್ಚುವರಿಯಲ್ಲಿ ಅಗ್ಗದ ಊರು. ಬಿಡ್ ಏರಿಸಲು ಯೋಗ್ಯವಾದದ್ದು ಇಂಥದ್ದೇ.

ಇನ್ನೊಂದು ಕಾಲಂ ಇದೆ, `Search lost IS (budget)`. ಇದು ದೊಡ್ಡದಾಗಿದ್ದರೆ ಬಿಡ್ ಏರಿಸಬೇಡಿ. ಹಣ ಮಧ್ಯಾಹ್ನಕ್ಕೇ ಮುಗಿಯುತ್ತಿರುವ ಕ್ಯಾಂಪೇನ್‌ನಲ್ಲಿ ಕ್ಲಿಕ್ ಬೆಲೆ ಏರಿಸಿದರೆ ಅದೇ ಹಣಕ್ಕೆ ಕಡಿಮೆ ಕ್ಲಿಕ್ ಬರುತ್ತದೆ, ಅಷ್ಟೇ. ಅಲ್ಲಿ ಬಜೆಟ್ ಏರಿಸಬೇಕು, ಅಥವಾ ಬಿಡ್ ಇಳಿಸಬೇಕು.

ಕ ನಗರದ ವಿಷಯ ಇದಕ್ಕೆ ಉಲ್ಟಾ. 877, ಮಿತಿಯ ಒಳಗೆ, ಎಲ್ಲಕ್ಕಿಂತ ಜಾಸ್ತಿ ಮಾರಾಟ. ಅದನ್ನು ಮುಟ್ಟಲು ಎಲ್ಲರೂ ಹೆದರುತ್ತಾರೆ. ಆದರೆ ಸರಾಸರಿಯೇ 877 ಅಂದರೆ ಕೊನೆಯ ಮಾರಾಟಗಳು ಅದಕ್ಕಿಂತ ದುಬಾರಿ ಇರಲೇಬೇಕು ಅಂತ ಖ ನಗರದಿಂದ ಕಲಿತಿದ್ದೆ. 15% ಇಳಿಸಿ ನೋಡಿದೆ. ತಿಂಗಳಿಗೆ 1,670 ಇದ್ದ ಕ್ಲಿಕ್ 1,560 ಆಯಿತು, ಖರ್ಚು 34,800ರಿಂದ 29,700ಕ್ಕೆ ಇಳಿಯಿತು. ಕಳೆದುಕೊಂಡದ್ದು 110 ಕ್ಲಿಕ್, ಅಂದರೆ 2.6 ಮಾರಾಟ. ಉಳಿದದ್ದು 5,100. ಆ ಎರಡೂವರೆ ಮಾರಾಟಕ್ಕೆ ಒಂದೊಂದಕ್ಕೆ 1,950ರ ಹತ್ತಿರ ಕೊಡುತ್ತಿದ್ದೆವು, ಮೊದಲಿನಿಂದಲೂ, ಯಾರಿಗೂ ಗೊತ್ತಿಲ್ಲದೆ. ಉಳಿದ ಹಣದಲ್ಲಿ ಚ ನಗರದ ಏರಿಕೆಯ 3,000 ಪೂರ್ತಿ ಹೊರಬಂದಿತು.

ಮಾಲೀಕರಿಗೆ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. "ಅತಿ ಹೆಚ್ಚು ಮಾರಾಟ ಆಗುವ ಊರಲ್ಲಿ ಇಳಿಸ್ತೀರಾ?" ಅಂತಲೇ ಕೇಳಿದರು. ಎರಡೂವರೆ ಮಾರಾಟ ಬಿಟ್ಟು 5,100 ಉಳಿಸುವುದು, ಅದರಲ್ಲಿ 3,000 ಹಾಕಿ ಬೇರೆ ಕಡೆ 3.8 ಮಾರಾಟ ತರುವುದು ಅಂತ ಒಂದೇ ಸಾಲಿನಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿದರು.

ಪರೀಕ್ಷೆ ಮಾಡುವಾಗ ಮೋಸ ಹೋಗುವ ಜಾಗಗಳು

ಮೊದಲಿನ ತಿಂಗಳು ಮತ್ತು ನಂತರದ ತಿಂಗಳು ಅಂತ ಹೋಲಿಸುವಾಗ, ಬಿಡ್ ಮುಟ್ಟದ ಊರುಗಳು ಆ ಅವಧಿಯಲ್ಲಿ ಏನಾದವು ಅಂತ ಪಕ್ಕದಲ್ಲೇ ಇಟ್ಟು ನೋಡಿ. ಎಲ್ಲ ಕಡೆ ಹುಡುಕುವವರೇ 10% ಜಾಸ್ತಿಯಾಗಿದ್ದರೆ ನಿಮ್ಮ ಊರಿನ ಹಳೆ ಕ್ಲಿಕ್ ಮತ್ತು ಹಳೆ ಖರ್ಚನ್ನೂ 10% ಏರಿಸಿಕೊಂಡೇ ವ್ಯತ್ಯಾಸ ತೆಗೆಯಬೇಕು. ಮೇಲಿನ ಅಂಕಿಗಳೆಲ್ಲ ಹೀಗೆ ಸರಿಪಡಿಸಿದವು. ಇದನ್ನು ಮಾಡದಿದ್ದರೆ ಹಂಗಾಮಿನ ಏರಿಳಿತವನ್ನೇ ಬಿಡ್‌ನ ಫಲ ಅಂತ ಓದಿಬಿಡುತ್ತೀರಿ.

ಒಂದು ಊರಿನ ಅಗ್ಗಕ್ಕೆ ಊರೇ ಕಾರಣವಾ ಅಂತಲೂ ಒಮ್ಮೆ ನೋಡಿ. ನಿಮ್ಮ ಬ್ರ್ಯಾಂಡ್ ಹೆಸರನ್ನೇ ಟೈಪ್ ಮಾಡಿ ಹುಡುಕುವವರು ಒಂದು ಊರಿನಲ್ಲಿ ಜಾಸ್ತಿ ಇದ್ದರೆ ಆ ಊರು ಅಗ್ಗವಾಗಿ ಕಾಣುತ್ತದೆ. ಅವರು ಹೇಗೂ ಬರುವವರು. ಬ್ರ್ಯಾಂಡ್ ಕ್ಯಾಂಪೇನ್ ಬೇರೆ ತೆಗೆದು, ಉಳಿದದ್ದರಲ್ಲಿ ಮಾತ್ರ ನಗರ ಹೋಲಿಸಿ. ಖ ನಗರದಲ್ಲಿ ಇದನ್ನು ನೋಡಿದೆ, ಅಲ್ಲಿ ಆ ತೊಂದರೆ ಇರಲಿಲ್ಲ. ಇನ್ನೊಂದು ಖಾತೆಯಲ್ಲಿ ಬ್ರ್ಯಾಂಡ್ ತೆಗೆದ ಕೂಡಲೇ ಅತಿ ಅಗ್ಗದ ನಗರ ಸಾಮಾನ್ಯ ನಗರವಾಗಿಬಿಟ್ಟಿತ್ತು.

ಒಂದೇ ಸಲ 40-50% ಏರಿಸಬೇಡಿ. 15 ಅಥವಾ 20ರ ಹೆಜ್ಜೆ ಇಡಿ, ಮಾರಾಟ ಪೂರ್ತಿ ಲೆಕ್ಕಕ್ಕೆ ಬರುವಷ್ಟು ದಿನ ಕಾಯಿರಿ, ಹೆಚ್ಚುವರಿ ಮಾರಾಟದ ಖರ್ಚು ತೆಗೆಯಿರಿ. ಮಿತಿಗಿಂತ ಕಡಿಮೆ ಇದ್ದರೆ ಇನ್ನೊಂದು ಹೆಜ್ಜೆ, ದಾಟಿದರೆ ಹಿಂದಕ್ಕೆ. ದೊಡ್ಡ ಹೆಜ್ಜೆ ಇಟ್ಟರೆ ಮೊದಲರ್ಧ ಲಾಭ, ಎರಡನೇ ಅರ್ಧ ನಷ್ಟ ಆಗಿ ಎರಡೂ ಒಂದೇ ಅಂಕಿಯಲ್ಲಿ ಸೇರಿಹೋಗುತ್ತವೆ. ಖ ನಗರದಲ್ಲಿ ಆದದ್ದು ಅದೇ. ಮೊದಲ 15%ಗೆ 3,300 ಕೊಟ್ಟು 120 ಕ್ಲಿಕ್ ತಂದಿದ್ದೆವು. ಅಲ್ಲಿಂದ 40%ವರೆಗೆ ಹೋಗಲು ಇನ್ನೂ 5,400 ಕೊಟ್ಟು ತಂದದ್ದು ಬರೀ 60 ಕ್ಲಿಕ್, ಅಂದರೆ ಎರಡು ಮಾರಾಟವೂ ಪೂರ್ತಿ ಇಲ್ಲ.

ಗ ಮತ್ತು ಘ ನಗರಗಳ ಏರಿಕೆ ಇಳಿಕೆಯನ್ನು ಸೊನ್ನೆಗೆ ತಂದು ಅವನ್ನು ಉಳಿದ ಊರುಗಳ ಗುಂಪಿಗೆ ಸೇರಿಸಿದ್ದೇನೆ. ಗ ನಗರದಲ್ಲಿ 1,000 ಕ್ಲಿಕ್ ತುಂಬಿದ ದಿನ ಅದನ್ನು ಮತ್ತೆ ತೆರೆದು ನೋಡುವುದು ಅಂತ ಶೀಟ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ.